ಸಾಹೇಬರ ಭಾಷಣ, ಮಾಸ್ತರರ ಲೇಖಣಿ

ಸಪ್ಟೆಂಬರ್ ಬಂತಂದರೆ ನಮ್ಮ ಭಾಗದ ಕನ್ನಡ ಸಾಲಿ ಮಾಸ್ತರರಿಗೆ ಒಂದು ಬ್ಯಾನಿ ಶುರುವಾಗುತ್ತದೆ. ಸಹಕಾರಿ ಕಾಯ್ದೆಯ ಪ್ರಕಾರ ಕಾರಖಾನಿ, ಪತಸಂಸ್ಥೆ, ಸೊಸಾಯಿಟಿ ಎಲ್ಲವೂ ಆ ತಿಂಗಳು ಮುಗಿಯುವದರೊಳಗೆ ವಾರ್ಷಿಕ ಸಭೆ ಮುಗಿಸಬೇಕು. ಅಹವಾಲು ಮರಾಠಿಯಲ್ಲಿರುತ್ತದೆ, ಅದನ್ನು ಆಫೀಸಿನವರೇ ಮಾಡಿಕೊಳ್ಳುತ್ತಾರೆ. ಆದರೆ ಸಭೆಯಲ್ಲಿ ಕುಂತ ಸಭಾಸದರಲ್ಲಿ ಅರ್ಧ ಮಂದಿ ಕನ್ನಡದವರು. ಅವರೆದುರು ಚೇರಮನ್ ಸಾಹೇಬರು ಕನ್ನಡದಲ್ಲಿ ನಾಲ್ಕು ಮಾತು ಆಡಲೇಬೇಕು. ಆಗ ಫೋನ್ ಬರುತ್ತದೆ.

"ಮಾಸ್ತರ್ರ, ಸಾಹೇಬ್ರಿಗೆ ವ್ಯಾಳ್ಯಾ ಇಲ್ಲರಿ. ಒಂದು ನಾಕು ಪಾನಾ ಬರದು ಕೊಡ್ರಲ್ಲ. ನಿಮಗೇನ್ರಿ, ಕುಂತಲ್ಲೇ ಆಗ್ತದ."

ಈ 'ಕುಂತಲ್ಲೇ ಆಗ್ತದ' ಅನ್ನುವ ಮಾತಿನ ಮೇಲೆಯೇ ನಾನು ಇವತ್ತು ಜಗಳ ತೆಗೆಯುವವನಿದ್ದೇನೆ. ಜಗಳ ಸಾಹೇಬರ ಸಂಗಡ ಅಲ್ಲ. ಬರೆದುಕೊಡುವ ನಮ್ಮ ಸಂಗಡ. ನಂದೇಶ್ವರದಿಂದ ಅಕ್ಕಲಕೋಟೆಯವರೆಗೆ, ಕನ್ನಡ ಚೆಂದ ಬರೆಯುತ್ತಾನೆ ಅಂತ ಹೆಸರಿರುವ ಮಾಸ್ತರ ಯಾರೇ ಇರಲಿ, ಅವನ ಮನೆಯ ಕಪಾಟಿನಲ್ಲಿ ಇಂಥ ಫೋನಿನ ಗುರುತಾಗಿ ಒಂದೆರಡು ಶಾಲು ಮಡಿಚಿಟ್ಟಿರುತ್ತವೆ. ನನ್ನಲ್ಲಿ ಏಳು ಇವೆ.

ಇಂಗ್ಲಿಷಿನವರು ಈ ಕೆಲಸ ಮಾಡುವವನಿಗೆ ಘೋಸ್ಟ್ ರೈಟರ್ ಅನ್ನುತ್ತಾರೆ, ಅಂದರೆ ದೆವ್ವದ ಬರಹಗಾರ. ಕಾಣುವದಿಲ್ಲ, ಆದರೆ ಕೈಯಾಡಿಸಿ ಹೋಗಿರುತ್ತದೆ. ದೊಡ್ಡ ಕಂಪನಿಗಳ ಮುಖ್ಯಸ್ಥರ ಭಾಷಣ, ಲೇಖನ, ಆತ್ಮಕಥೆ ಬರೆದುಕೊಡುವದು ಪಟ್ಟಣದಲ್ಲಿ ಒಂದು ಉದ್ಯೋಗ. ಅದಕ್ಕೆ ದರ ಇದೆ, ಕರಾರು ಇದೆ. ನಮ್ಮಲ್ಲಿ ಕೆಲಸ ಅದೇ, ಸಾಹೇಬರ ಗಡಿಬಿಡಿಯೂ ಅಷ್ಟೇ, ಆದರೆ ದರದ ಜಾಗದಲ್ಲಿ ಶಾಲು, ಕರಾರಿನ ಜಾಗದಲ್ಲಿ ತೆಂಗಿನಕಾಯಿ. ಇದು ಬರೀ ರೊಕ್ಕದ ಮಾತು ಅಂತ ನಾನೂ ಬಹಳ ದಿನ ತಿಳಿದಿದ್ದೆ. ಅಲ್ಲ ಅಂತ ತಿಳಿದದ್ದು ಒಂದು ವಾಕ್ಯದಿಂದ.

ಆ ವಾಕ್ಯ ಬರೆದವನು ನಾನೇ. ಒಂದು ಕಾರಖಾನಿಯ ಸಭೆ. ಹೆಸರು ಬೇಡ. ಪಿ.ಎ. ಅವರು ಭಾಷಣದ ಮುದ್ದೆಗಳನ್ನು ಚೀಟಿಯಲ್ಲಿ ಬರೆದು ಕಳಿಸಿದ್ದರು. ಅದರಲ್ಲಿ ಒಂದು: 'ಬಿಲ್ಲು ವೇಳೆಗೆ ಕೊಟ್ಟೇವಿ, ಇದನ್ನ ಜೋರಾಗಿ ಹೇಳಬೇಕು.' ನಾನು ಜೋರಾಗಿಯೇ ಬರೆದೆ. 'ಮುಗಿದ ಗಳಿತ ಹಂಗಾಮಿನಲ್ಲಿ ಸಭಾಸದರ ಬೆವರಿನ ಒಂದೊಂದು ಹನಿಗೂ ತಕ್ಕ ಬೆಲೆಯನ್ನು ವೇಳೆಗೆ ಸರಿಯಾಗಿ ಅವರ ಖಾತೆಗೆ ಜಮಾ ಮಾಡಿದ್ದೇವೆ' ಅಂತ. ಬರೆಯುವಾಗ ನನಗೆ ಗೊತ್ತಿತ್ತು, ನಮ್ಮ ಅಣ್ಣನ ಜನವರಿ ಕಬ್ಬಿನ ಬಿಲ್ಲು ಬಂದಿಲ್ಲ ಅಂತ. ಬೆವರಿನ ಹನಿ ಅನ್ನುವ ಮಾತು ಕೈಗೆ ಬಂದಿತ್ತು, ಬಿಡಲಿಕ್ಕೆ ಮನಸ್ಸಾಗಲಿಲ್ಲ.

ಸಭೆಯಲ್ಲಿ ಅಣ್ಣ ಎದ್ದು ನಿಂತ. "ಸಾಹೇಬ್ರ, ನಂದು ಜನವರಿ ಬಿಲ್ಲು ಇನ್ನಾ ಬಂದಿಲ್ಲರಿ" ಅಂದ. ಸಾಹೇಬರು ಸಿಟ್ಟಾಗಲಿಲ್ಲ. ಪಾನಾ ಹಿಂದಕ್ಕೆ ತಿರುವಿ ನನ್ನ ವಾಕ್ಯವನ್ನು ಮತ್ತೊಮ್ಮೆ, ಮೊದಲಿಗಿಂತ ಚೆಂದಾಗಿ ಓದಿದರು. ಮುಂದಿನ ಸಾಲಿನವರು ಚಪ್ಪಾಳೆ ಹೊಡೆದರು. ಅಣ್ಣ ಕುಂತ.

ಸಕ್ಕರಿ ಕಾರಖಾನಿಗಳಿಗೆ 1966ರ ಕಬ್ಬು ನಿಯಂತ್ರಣ ಆದೇಶ ಅಂತ ಒಂದಿದೆ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕು ಅಂತ ಅದರಲ್ಲಿದೆ. ಅಣ್ಣನ ಬಾಕಿ ಸುಮಾರು ಒಂದು ಲಕ್ಷ. ಎಂಟು ತಿಂಗಳಿಗೆ ಬಡ್ಡಿ ಹತ್ತಿರಹತ್ತಿರ ಹತ್ತು ಸಾವಿರ. ಅವನು ಅದನ್ನು ಕೇಳಲಿಕ್ಕೇ ಎದ್ದಿದ್ದ. ನನ್ನ ವಾಕ್ಯ ಅವನನ್ನು ಕುಂದರಿಸಿತು. ಆ ರಾತ್ರಿ ವೈನಿ ರೊಟ್ಟಿ ಬಡಿಯುತ್ತಿದ್ದಳು, ನಾವಿಬ್ಬರೂ ಉಣ್ಣುತ್ತಿದ್ದೆವು. "ಸಾಹೇಬ್ರ ಮಾತಲ್ಲ ಅದು. ಯಾವನೋ ಕಲ್ತವ ಬರದು ಕೊಟ್ಟಾನ. ಅವನ ಕೈಗಿ ಹುಳಾ ಬೀಳ್ಲಿ" ಅಂದ ಅಣ್ಣ. ನಾನು ರೊಟ್ಟಿ ಮುರಿಯುತ್ತಿದ್ದೆ. ಮುರಿಯುತ್ತಲೇ ಇದ್ದೆ.

ಇವತ್ತಿನವರೆಗೂ ಅವನಿಗೆ ಹೇಳಿಲ್ಲ. ನಮ್ಮ ವಾಚನಾಲಯದ ಈ ಪುಸ್ತಕವನ್ನು ಯಾರಾದರೂ ಅವನಿಗೆ ಓದಿ ಹೇಳಿದರೆ ಇದರಲ್ಲೇ ತಿಳಿಯಲಿ.

ಆಮೇಲೆ ನಾನು ಬಹಳ ವಿಚಾರ ಮಾಡಿದೆ. ಆ ಚೀಟಿ ಬಂದಾಗ ಫೋನ್ ಎತ್ತಿ "ಈ ಮಾತು ಖರೆ ಅಲ್ಲರಿ, ನಾ ಬರಿಯೂದಿಲ್ಲ" ಅನ್ನಲಿಕ್ಕೆ ನನಗೆ ಯಾಕೆ ಆಗಲಿಲ್ಲ? ಅಂಜಿಕೆ ಅಂತ ಹೇಳಬಹುದು. ಪೂರ್ತಿ ಅಂಜಿಕೆ ಅಲ್ಲ. ನಾನು ಆ ಕೆಲಸದಲ್ಲಿ ಯಾರೂ ಆಗಿರಲಿಲ್ಲ. ಪಗಾರದ ನೌಕರ ಅಲ್ಲ, ಗುತ್ತಿಗೆ ಹಿಡಿದವ ಅಲ್ಲ, ಲೇಖಕ ಅಲ್ಲ. ಉಪಕಾರ ಮಾಡುವವನಿಗೆ ತಕರಾರು ಮಾಡುವ ಹಕ್ಕು ಇರುವದಿಲ್ಲ. ಮನೆ ಕಟ್ಟುವ ಗೌಂಡಿ "ಈ ಪಾಯಾದ ಮ್ಯಾಲೆ ಎರಡನೇ ಮಜಲಾ ನಿಲ್ಲೂದಿಲ್ಲರಿ" ಅಂತ ಮಾಲಕನಿಗೆ ಹೇಳುತ್ತಾನೆ. ಅವನಿಗೆ ದರ ಇದೆ, ಮಾತಾಗಿದೆ, ಮನೆ ಬಿದ್ದರೆ ಅವನ ಹೆಸರು ಕೆಡುತ್ತದೆ. ನನಗೆ ದರ ಇಲ್ಲ, ಮಾತಾಗಿಲ್ಲ, ಹೆಸರಂತೂ ಎಲ್ಲಿಯೂ ಇಲ್ಲ. ಹೀಗಾಗಿ ಏನು ಕೇಳಿದರೂ ಬರೆದೆ.

ಅದಕ್ಕೇ ನನ್ನ ಮಾತು ಇಷ್ಟು. ಪರರ ಹೆಸರಿನಲ್ಲಿ ಬರೆಯುವದು ಪಾಪ ಅಲ್ಲ. ಪುಕ್ಕಟೆ, ಬಾಯಿಮಾತಿನ ಮೇಲೆ, ಕತ್ತಲಲ್ಲಿ ಬರೆಯುವದು ಪಾಪಕ್ಕೆ ದಾರಿ ಮಾಡಿಕೊಡುತ್ತದೆ. ದರ, ಹೆಸರು, ಗುಟ್ಟು, ದನಿ ಎಲ್ಲವನ್ನೂ ಮೊದಲೇ ಮಾತಾಡಿ ಕಾಗದದ ಮೇಲೆ ಹಾಕಿಕೊಂಡವನು ಮಾತ್ರ ಒಂದು ವಾಕ್ಯಕ್ಕೆ 'ಇಲ್ಲ' ಅನ್ನಬಲ್ಲ.

ದರದ ಮಾತು ಮೊದಲು, ಯಾಕಂದರೆ ನಮಗೆ ನಾಚಿಕೆ ಅಲ್ಲೇ ಜಾಸ್ತಿ. ಆ ಭಾಷಣದ ಮುಂದಿನ ವರ್ಷ ಬೇರೊಬ್ಬ ಸಾಹೇಬರ ಆತ್ಮಕಥೆ ಬರೆದುಕೊಡುವ ಕೆಲಸ ನನಗೆ ಬಂತು. ಅವರ ಅರವತ್ತರ ವಾಢದಿವಸಕ್ಕೆ ಪುಸ್ತಕ ಬರಬೇಕಿತ್ತು. ಆ ಸಲ ನಾನು ಒಂದು ವಹಿಯಲ್ಲಿ ತಾಸುಗಳ ಲೆಕ್ಕ ಇಟ್ಟೆ. ಸಾಹೇಬರ ಎದುರು ಕುಂತು ಮೊಬೈಲಿನಲ್ಲಿ ಮಾತು ಹಿಡಿದದ್ದು 20 ತಾಸು. ಹಿಡಿದದ್ದನ್ನು ಕೇಳಿ ಕೇಳಿ ಕಾಗದಕ್ಕೆ ಇಳಿಸಲಿಕ್ಕೆ ಒಂದು ತಾಸಿಗೆ ಐದು ತಾಸಿನಂತೆ 100. ಇದನ್ನು ಮಾಡಿ ನೋಡದವರು ನಂಬುವದಿಲ್ಲ, ಆದರೆ ಇಬ್ಬರು ಒಮ್ಮೆಲೇ ಮಾತಾಡಿದ ಕಡೆ, ಫ್ಯಾನಿನ ಸಪ್ಪಳ ಇದ್ದ ಕಡೆ ಒಂದೇ ಮಾತನ್ನು ಆರು ಸಲ ತಿರುವಿ ಕೇಳಬೇಕಾಗುತ್ತದೆ. 150 ಪುಟ ಬರೆಯಲಿಕ್ಕೆ ಪುಟಕ್ಕೆ ಒಂದೂವರೆ ತಾಸಿನಂತೆ 225. ಎರಡು ಸಲ ತಿದ್ದಲಿಕ್ಕೆ 55. ಹೋಗಿ ಬರಲಿಕ್ಕೆ, ಪಡಸಾಲೆಯಲ್ಲಿ ಕಾಯಲಿಕ್ಕೆ 40. ಒಟ್ಟು 440 ತಾಸು. ದಿನಕ್ಕೆ ಎಂಟು ತಾಸಿನಂತೆ 55 ದಿನದ ದುಡಿಮೆ. ನಮ್ಮೂರ ಗೌಂಡಿ ಆಗ ದಿನಕ್ಕೆ 800 ತಗೊಳ್ಳುತ್ತಿದ್ದ. ಅವನ ದರ ಹಿಡಿದರೂ 44 ಸಾವಿರ ಆಯಿತು. ನನಗೆ ಬಂದದ್ದು ಐದು ಸಾವಿರ, ಒಂದು ಶಾಲು. ಬಿಡುಗಡೆಯ ದಿನ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಬಂದವರಿಗೆ ಗುಲಾಬಿ ಹೂ ಕೊಡಲಿಕ್ಕೆ ಹೇಳಿದರು.

ಪಟ್ಟಣದಲ್ಲಿ ದರವನ್ನು ಮೂರು ತರ ಹೇಳುತ್ತಾರೆ. ಶಬ್ದಕ್ಕೆ ಇಷ್ಟು, ತಾಸಿಗೆ ಇಷ್ಟು, ಇಲ್ಲಾ ಪೂರ್ತಿ ಕೆಲಸಕ್ಕೆ ಇಷ್ಟು. ಶಬ್ದದ ದರ ಆತ್ಮಕಥೆಗೆ ಹೊಂದುವದಿಲ್ಲ, ಅರ್ಧ ಕೆಲಸ ಕೇಳುವದರಲ್ಲಿ ಇರುತ್ತದೆ, ಅದಕ್ಕೆ ಶಬ್ದ ಎಲ್ಲಿಯವು? ತಾಸಿನ ದರ ಅಂದರೆ ನಮ್ಮ ಸಾಹೇಬರು ಗಡಿಯಾರ ನೋಡಿಕೊಂಡು ಮಾತಾಡುತ್ತಾರೆ, ಕತೆ ಒಣಗುತ್ತದೆ. ನಮ್ಮ ಕಡೆಗೆ ಪೂರ್ತಿ ಕೆಲಸದ ದರವೇ ಸರಿ. ತಾಸುಗಳನ್ನು ನೀವು ಮನೆಯಲ್ಲಿ ಕೂಡಿಸಿ ಗುಣಿಸಿ, ಅವರಿಗೆ ಒಂದೇ ಅಂಕಿ ಹೇಳಿರಿ. ಅದನ್ನು ನಾಲ್ಕು ಕಂತು ಮಾಡಿರಿ: ಸಹಿ ಆದ ದಿನ ಒಂದು, ಮೊದಲ ಎರಡು ಅಧ್ಯಾಯ ಅವರು ಒಪ್ಪಿದಾಗ ಒಂದು, ಪೂರ್ತಿ ಕರಡು ಕೊಟ್ಟಾಗ ಒಂದು, ತಿದ್ದಿದ ಕೊನೆಯ ಪ್ರತಿ ಕೈಗೆ ಕೊಡುವ ಮೊದಲು ಒಂದು. ಎಷ್ಟು ಸಲ ತಿದ್ದಿಕೊಡುತ್ತೀರಿ ಅನ್ನುವದನ್ನೂ ಬರೆಯಿರಿ. ಎರಡು ಸಲ ಅನ್ನಿರಿ, ಇಲ್ಲದಿದ್ದರೆ ಸಾಹೇಬರ ಅಳಿಯ, ಬೀಗರು, ವಕೀಲರು ಎಲ್ಲರೂ ಒಂದೊಂದು ಸಲ ತಿದ್ದಿಸುತ್ತಾರೆ.

"ಪುಸ್ತಕ ಬಿಡುಗಡೆ ಆದ ಮ್ಯಾಲೆ ನೋಡೂಣ" ಅನ್ನುವ ಮಾತಿಗೆ ಮಾತ್ರ ಒಪ್ಪಬೇಡಿರಿ. ಬಿಡುಗಡೆ ನಿಮ್ಮ ಕೈಯಲ್ಲಿ ಇಲ್ಲ. ಚುನಾವಣೆ ಸೋತರೆ ಪುಸ್ತಕ ನಿಲ್ಲುತ್ತದೆ, ಅಣ್ಣತಮ್ಮಂದಿರ ವಾಟಣಿ ಜಗಳ ಎದ್ದರೆ ನಿಲ್ಲುತ್ತದೆ. ಇದು ಬಡ ಮಾಸ್ತರನಿಗೆ ಮಾತ್ರ ಆಗುವ ಸಂಗತಿ ಅಂತ ತಿಳಿಯಬೇಡಿರಿ. ಅಮೇರಿಕದಲ್ಲಿ ಜನರಲ್ ಮೋಟರ್ಸ್ ಅನ್ನುವ ಮೋಟಾರು ಕಂಪನಿಯನ್ನು ಬಹಳ ವರ್ಷ ನಡೆಸಿದ ಆಲ್ಫ್ರೆಡ್ ಸ್ಲೋನ್ ಅಂತ ಇದ್ದರು. ಅವರ ಆತ್ಮಕಥೆಯನ್ನು ಬರೆದುಕೊಟ್ಟವನು ಜಾನ್ ಮ್ಯಾಕ್‌ಡೊನಾಲ್ಡ್, ಫಾರ್ಚ್ಯೂನ್ ಪತ್ರಿಕೆಯವನು. ವರ್ಷಗಟ್ಟಲೆ ಕುಂತು, ಕಂಪನಿಯ ಹಳೇ ಕಾಗದಪತ್ರ ತೆಗೆಸಿ ನೋಡಿ ಬರೆದ ಪುಸ್ತಕ ಅದು. 1959ಕ್ಕೆ ತಯಾರಾಯಿತು. ಆಗ ಕಂಪನಿಯ ವಕೀಲರಿಗೆ ಅಂಜಿಕೆ ಹುಟ್ಟಿತು. ಕಂಪನಿ ಮಾರುಕಟ್ಟೆಯನ್ನೆಲ್ಲ ತಾನೇ ಹಿಡಿದಿದೆ ಅಂತ ಸರಕಾರ ಕೇಸು ಹಾಕಿದರೆ ಈ ಪುಸ್ತಕವೇ ಸಾಕ್ಷಿ ಆಗಬಹುದು ಅಂತ. ಪುಸ್ತಕ ನಿಂತಿತು. ಸ್ವತಃ ಸ್ಲೋನ್ ಅವರಿಗೆ ಹೊರಗೆ ತರಲಿಕ್ಕೆ ಆಗಲಿಲ್ಲ. ತಂದವನು ಮ್ಯಾಕ್‌ಡೊನಾಲ್ಡ್. ಅಷ್ಟು ದೊಡ್ಡ ಕಂಪನಿಯ ಮೇಲೆ ದಾವೆ ಹೂಡಿದ. ಕಡೆಗೆ 1964ರಲ್ಲಿ ಪುಸ್ತಕ ಹೊರಬಂತು, ಬಹಳ ಮಾರಾಟವಾಯಿತು, ಇವತ್ತಿಗೂ ವ್ಯವಹಾರ ಕಲಿಯುವವರು ಅದನ್ನು ಓದುತ್ತಾರೆ. ಒಳಪುಟದಲ್ಲಿ ಮ್ಯಾಕ್‌ಡೊನಾಲ್ಡನ ಹೆಸರು 'ಸಂಪಾದನೆ' ಅಂತ ಅಚ್ಚಾಗಿದೆ. ದಾವೆ ಹೂಡಲಿಕ್ಕೆ ಅವನಿಗೆ ಕಾಲು ನಿಂತದ್ದು ಎಲ್ಲಿಂದ? ಆ ಪುಸ್ತಕದಲ್ಲಿ ತನಗೂ ಒಂದು ಪಾಲಿದೆ ಅನ್ನುವ ವ್ಯವಹಾರ ಅವನಿಗಿತ್ತು. ನನ್ನ ಹಾಗೆ ಉಪಕಾರಕ್ಕೆ ಬರೆದಿದ್ದರೆ ಆ ಕಟ್ಟು ಯಾವದೋ ವಕೀಲರ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

ಇನ್ನು ಹೆಸರಿನ ಮಾತು. ಇಲ್ಲಿ ಕಾಯ್ದೆ ಸ್ವಲ್ಪ ತಿಳಿದುಕೊಳ್ಳಬೇಕು, ಯಾಕಂದರೆ ಭಾಷಣಕ್ಕೆ ಒಂದು ನ್ಯಾಯ, ಪುಸ್ತಕಕ್ಕೆ ಬೇರೆ ನ್ಯಾಯ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಸಾರ್ವಜನಿಕವಾಗಿ ಮಾಡಿದ ಭಾಷಣದ ಹಕ್ಕಿನ ಮೊದಲ ಮಾಲಕ ಭಾಷಣ ಮಾಡಿದವನು. ಅಂದರೆ ನೀವು ರಾತ್ರಿಯೆಲ್ಲ ನಿದ್ದೆಗೆಟ್ಟು ಬರೆದರೂ ಸಾಹೇಬರು ವೇದಿಕೆಯ ಮೇಲೆ ಓದಿದರೆ ಅದು ಅವರದು. ಹಾಗಾಗಿ ಭಾಷಣಕ್ಕೆ ಹೆಸರು ಕೇಳುತ್ತ ಕುಂದರಬೇಡಿರಿ, ರೊಕ್ಕ ಕೇಳಿರಿ. ಪುಸ್ತಕದ ಮಾತು ಹಾಗಲ್ಲ. ನೀವು ಪಗಾರದ ನೌಕರರಾಗಿ ಅದನ್ನು ಬರೆಯದೆ ಇದ್ದಲ್ಲಿ, ನೀವು ರಚಿಸಿದ ಬರಹದ ಮೊದಲ ಮಾಲಕರು ನೀವೇ. ಅದನ್ನು ಸಾಹೇಬರಿಗೆ ಕೊಡಬೇಕಾದರೆ ಬರಹದಲ್ಲಿ ಸಹಿ ಮಾಡಿ ಕೊಡಬೇಕು, ಬಾಯಿಮಾತು ನಡೆಯುವದಿಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತಲೇ ಹಿಡಿಯುತ್ತಾರೆ. ಹಕ್ಕು ಮಾರಿದ ಮೇಲೆಯೂ 'ಇದನ್ನು ಬರೆದವನು ನಾನು' ಅನ್ನುವ ಅಧಿಕಾರವನ್ನು 57ನೇ ಕಲಮು ಬೇರೆಯಾಗಿ ಉಳಿಸಿದೆ. ಒಂದು ಎಚ್ಚರ: ಸಾಹೇಬರು ಹೇಳಿದ್ದನ್ನು ಇದ್ದ ಹಾಗೇ ಇಳಿಸಿಕೊಂಡರೆ ನೀವು ಲಿಪಿಕಾರ, ಲೇಖಕ ಅಲ್ಲ. ಕಟ್ಟಿದ್ದು ನಿಮ್ಮದು ಅಂತ ತೋರಿಸಲಿಕ್ಕೆ ಕರಡುಗಳನ್ನು ತಾರೀಖು ಹಾಕಿ ಇಟ್ಟುಕೊಳ್ಳಿರಿ.

ಲಿಪಿಕಾರನ ಹೆಸರೂ ಉಳಿಯುವದು ಉಂಟು. ನಮ್ಮ ಮಂಗಳವೇಢೆಯ ಚೋಖಾಮೇಳರ ಅಭಂಗಗಳನ್ನು ಅನಂತಭಟ್ಟ ಅನ್ನುವವನು ಬರೆದುಕೊಂಡ ಅಂತ ಪರಂಪರೆ ಹೇಳುತ್ತದೆ. ಆರುನೂರು ವರ್ಷ ಮೀರಿದವು. ಬರೆಸಿದವರ ಹೆಸರಿನ ಬೆನ್ನಿಗೆ ಬರೆದವನ ಹೆಸರು ಇನ್ನೂ ಇದೆ, ಇದರಿಂದ ಚೋಖೋಬರ ದೊಡ್ಡಸ್ತಿಕೆಗೆ ಏನು ಕಡಿಮೆ ಬಿತ್ತು? ನಮ್ಮ ಸಾಹೇಬರುಗಳಿಗೆ ಮಾತ್ರ ಒಳಪುಟದಲ್ಲಿ ಒಂದು ಸಾಲು ಹಾಕಿದರೆ ಮಾನ ಹೋಗುತ್ತದೆ. ಆ ಸಾಲಿಗೆ ಎರಡು ಭಾಷೆಯಲ್ಲಿಯೂ ಮರ್ಯಾದೆಯ ಶಬ್ದಗಳಿವೆ. ಮರಾಠಿ ಪುಸ್ತಕಗಳಲ್ಲಿ 'ಶಬ್ದಾಂಕನ' ಅಂತ ಹಾಕುತ್ತಾರೆ, ಕನ್ನಡದಲ್ಲಿ 'ನಿರೂಪಣೆ' ಅಂತ. ಗಡಿಯ ಮೇಲೆ ಕುಂತ ನಮಗೆ ಎರಡೂ ಗೊತ್ತು, ಎರಡನ್ನೂ ಕೇಳುವ ಧೈರ್ಯ ಇಲ್ಲ. ನೆನಪಿಡಿರಿ, ಹೆಸರು ಬೇಡ ಅಂತ ನೀವೇ ಒಪ್ಪಬಹುದು, ಅದೂ ವ್ಯವಹಾರವೇ. ಆದರೆ ಆಗ ದರ ಏರಬೇಕು. ಹೆಸರೂ ಇಲ್ಲ, ದರವೂ ಇಲ್ಲ ಅಂದರೆ ಅದಕ್ಕೆ ವೆಟ್ಟಿ ಅನ್ನುತ್ತಾರೆ.

ಗುಟ್ಟಿನ ಮಾತಿಗೆ ಬಂದರೆ, ನಾವು ಅದನ್ನು ಒಂದೇ ಗಂಟು ಅಂತ ತಿಳಿಯುತ್ತೇವೆ. ಅದರಲ್ಲಿ ಮೂರು ಗಂಟುಗಳಿವೆ. ನಾನು ಬರೆದೆ ಅನ್ನುವದು ಒಂದು ಗುಟ್ಟು. ಪುಸ್ತಕಕ್ಕಾಗಿ ಕುಂತಾಗ ಸಾಹೇಬರು ಮನಸ್ಸು ಬಿಚ್ಚಿ ಹೇಳಿದ, ಪುಸ್ತಕದಲ್ಲಿ ಬಾರದ ಮಾತು ಎರಡನೇದು. ಹಿಡಿದ ಧ್ವನಿ, ಕೊಟ್ಟ ಕಾಗದ ಮೂರನೇದು. ಮೊದಲನೇದನ್ನು ಇಂತಿಷ್ಟು ವರ್ಷಕ್ಕೆ ಅಂತ ಕಟ್ಟಬಹುದು. ಮೂರನೇದನ್ನು ಯಾರ ಹತ್ತಿರ, ಎಷ್ಟು ತಿಂಗಳು ಇಡುವದು, ಆಮೇಲೆ ಅಳಿಸುವದು ಅಂತ ಬರೆಯಬೇಕು. ಎರಡನೇದು ಮಾತ್ರ ಜೀವ ಇರುವವರೆಗೆ. ಆ 20 ತಾಸಿನಲ್ಲಿ ಒಂದು ಸಂಜೆ ಸಾಹೇಬರು ತಮ್ಮ ತೀರಿಕೊಂಡ ತಂಗಿಯ ಸುದ್ದಿ ತೆಗೆದು ಅತ್ತರು. ಅದನ್ನು ನಾನು ಬರೆಯಲಿಲ್ಲ, ಯಾರಿಗೂ ಹೇಳಿಲ್ಲ, ಕರಾರು ಇಲ್ಲದಿದ್ದರೂ ಹೇಳುವದಿಲ್ಲ.

ಹಾಗಾದರೆ ಮೇಲಿನ ಭಾಷಣದ ಸುದ್ದಿ ಇಲ್ಲಿ ಯಾಕೆ ಹೇಳಿದಿ ಅಂತ ಕೇಳುವವರು ಕೇಳಿರಿ. ಸಾವಿರ ಮಂದಿಯ ಎದುರು ಮೈಕಿನಲ್ಲಿ ಓದಿದ ವಾಕ್ಯ ಗುಟ್ಟಲ್ಲ. ಅಣ್ಣನ ಬಾಕಿ ಗುಟ್ಟಲ್ಲ. ಗುಟ್ಟು ಅಂದರೆ ಒಬ್ಬ ಮನುಷ್ಯನ ಮಾನವನ್ನು ಮುಚ್ಚಿಡುವದು, ನಾನೂರು ಮಂದಿಯ ಬಿಲ್ಲನ್ನು ಮುಚ್ಚಿಡುವದಲ್ಲ. ಕರಾರಿನಲ್ಲಿ ಈ ಗೆರೆಯನ್ನು ಹಾಕಿಕೊಳ್ಳಿರಿ. ನಾನು ಈಗ ಮೂರು ಸಾಲು ಬರೆದಿಟ್ಟುಕೊಂಡಿದ್ದೇನೆ: ಅಂಕಿ ಸಂಖ್ಯೆ, ಘಟನೆಗಳ ಹೊಣೆ ಹೇಳಿದವರದು. ಸುಳ್ಳು ಅಂತ ಗೊತ್ತಾದ ಮಾತನ್ನು ಬರೆಯದೆ ಬಿಡುವ ಹಕ್ಕು ಬರೆಯುವವನದು. ಹಾಗೆ ಬಿಟ್ಟು ಕೆಲಸ ನಿಂತರೂ ಅಲ್ಲಿಯವರೆಗಿನ ಕಂತು ಮರಳಿ ಕೊಡಬೇಕಾಗಿಲ್ಲ. ಈ ಕಡೆಯ ಸಾಲು ಇಲ್ಲದಿದ್ದರೆ ಎರಡನೆಯದು ಕಾಗದದ ಹುಲಿ.

ದರ, ಹೆಸರು ಎರಡೂ ಸಿಕ್ಕರೂ ಈ ಗೆರೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವದಕ್ಕೂ ಒಂದು ಉದಾಹರಣೆ ಇದೆ. 1987ರಲ್ಲಿ ಡೊನಾಲ್ಡ್ ಟ್ರಂಪ್ ಅವರ ವ್ಯಾಪಾರದ ಪುಸ್ತಕ ಬರೆದುಕೊಟ್ಟ ಟೋನಿ ಶ್ವಾರ್ಟ್ಸ್ ಅನ್ನುವವನು ಮುಂಗಡದಲ್ಲಿ ಅರ್ಧ, ಗೌರವಧನದಲ್ಲಿ ಅರ್ಧ, ಮುಖಪುಟದ ಮೇಲೆ ಹೆಸರು ಎಲ್ಲವನ್ನೂ ತಗೊಂಡಿದ್ದ. ನಮ್ಮಂಥವರಿಗೆ ಕನಸಿನ ಕರಾರು. ಮುಂದೆ 2016ರಲ್ಲಿ ಟ್ರಂಪ್ ಚುನಾವಣೆಗೆ ನಿಂತಾಗ, ಇದ್ದದ್ದಕ್ಕಿಂತ ಚೆಂದ ಮಾಡಿ ತೋರಿಸಿದ್ದಕ್ಕೆ ಪಶ್ಚಾತ್ತಾಪ ಆಗಿದೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಅವನ ಹತ್ತಿರ ರೊಕ್ಕವಾದರೂ ಇತ್ತು.

ದನಿಯ ಮಾತು ಕಡೆಗೆ ಇಟ್ಟಿದ್ದೇನೆ. ಕನ್ನಡ ಮಾಸ್ತರರು ಹೆಚ್ಚು ಸೋಲುವದು ಇಲ್ಲಿಯೇ. ಆತ್ಮಕಥೆಯ ಸಾಹೇಬರು 1972ರ ಬರದಲ್ಲಿ ಸಣ್ಣ ಹುಡುಗ. ಅವ್ವನ ಸಂಗಡ ರಸ್ತೆ ಕಾಮಗಾರಿಯಲ್ಲಿ ಖಡಿ ಒಡೆಯಲಿಕ್ಕೆ ಹೋದವರು. ಅವರು ನನಗೆ ಹೇಳಿದ್ದು ಹೀಗೆ: "ಬಹಾತ್ತರದ ಬರದಾಗ ಅವ್ವ ಖಡಿ ಒಡೀತಿದ್ಳು. ನಾ ಸಣ್ಣ ಸಣ್ಣ ಕಲ್ಲು ಆರಿಸಿ ಬುಟ್ಟಿಗಿ ಹಾಕ್ತಿದ್ದೆ. ಸಂಜೀಕ ಅವ್ವನ ಕೈ ನೋಡಿದ್ರ ರೊಟ್ಟಿ ಬಡಿಯಾಕ ಬರ್ತಿದ್ದಿಲ್ಲ." ನಾನು ಬರೆದದ್ದು ಹೀಗೆ: 'ಭೀಕರ ಕ್ಷಾಮದ ಆ ದಾರುಣ ದಿನಗಳಲ್ಲಿ ಮಾತೃಶ್ರೀಯವರು ಶಿಲಾಖಂಡಗಳನ್ನು ಒಡೆಯುತ್ತ ಸಂಸಾರದ ನೌಕೆಯನ್ನು ದಡ ಮುಟ್ಟಿಸಿದರು.' ಬರೆದು ಬಹಳ ಹೆಮ್ಮೆಪಟ್ಟೆ. ಸಾಹೇಬರಿಗೆ ಓದಿ ತೋರಿಸಿದಾಗ ಅವರು ತಡೆದು ಹೇಳಿದರು: "ಮಾಸ್ತರ್ರ, ಚೊಲೋ ಅದರಿ. ಆದ್ರ ಇದು ನಮ್ಮವ್ವ ಅಲ್ಲ. ಇದು ನಿಮ್ಮ ಸಾಲಿ ಪುಸ್ತಕ."

ಅವತ್ತು ಕಲಿತೆ. ಮತ್ತೆ ಹಿಡಿದ ಧ್ವನಿ ಹಾಕಿಕೊಂಡು ಕುಂತೆ, ಈ ಸಲ ಸಂಗತಿಗಾಗಿ ಅಲ್ಲ, ನಡಿಗೆಗಾಗಿ. ಸಾಹೇಬರು ವಾಕ್ಯ ಹೇಗೆ ಶುರು ಮಾಡುತ್ತಾರೆ? 'ಹಂಗ ನೋಡಿದ್ರ' ಅಂತ. ಸಿಟ್ಟು ಬಂದಾಗ ವಾಕ್ಯ ಸಣ್ಣದಾಗುತ್ತದೋ ಉದ್ದವಾಗುತ್ತದೋ? ಸಣ್ಣದಾಗುತ್ತದೆ, ಕಡೆಗೆ ಕ್ರಿಯಾಪದವೇ ಇರುವದಿಲ್ಲ. ವರ್ಷವನ್ನು ಇಸವಿಯಿಂದ ಹೇಳುತ್ತಾರೋ ಬರ, ಮದುವೆ, ಬಾವಿ ತೆಗೆಸಿದ್ದು ಇದರಿಂದ ಹೇಳುತ್ತಾರೋ? ಯಾವಾಗ ಮರಾಠಿಗೆ ಹಾಯುತ್ತಾರೆ? ನಮ್ಮ ಸಾಹೇಬರು ಲೆಕ್ಕ ಹೇಳುವಾಗ, ಬೈಯುವಾಗ ಮರಾಠಿ, ಅವ್ವನ ಮಾತು ಬಂದಾಗ ಅಪ್ಪಟ ಕನ್ನಡ. ಇದನ್ನೆಲ್ಲ ಒಂದು ಪಾನಾ ಮೇಲೆ ಬರೆದು ಗ್ವಾಡಿಗೆ ಅಂಟಿಸಿದೆ. ಇದ್ದ ಹಾಗೇ ಇಳಿಸಿದರೂ ನಡೆಯುವದಿಲ್ಲ ಅನ್ನುವದೂ ಖರೆ, ಬಾಯಿಯಲ್ಲಿ ಚೆಂದ ಅನಿಸಿದ್ದು ಕಾಗದದಲ್ಲಿ ಸುತ್ತಿ ಸುತ್ತಿ ಬರುತ್ತದೆ. ಹೇಳಿದ್ದನ್ನು ಹಿಂದೆ ಮುಂದೆ ಸರಿಸಬೇಕು, ಮೂರು ಸಲ ಹೇಳಿದ್ದನ್ನು ಒಂದು ಸಲ ಮಾಡಬೇಕು, ಶಬ್ದ ಮಾತ್ರ ಅವರದೇ ಇರಬೇಕು. ಕಡೆಗೆ ಅಚ್ಚಾದದ್ದು: 'ಬಹಾತ್ತರದ ಬರದಾಗ ಅವ್ವ ಖಡಿ ಒಡೆದಳು. ನಾನು ಬುಟ್ಟಿ ತುಂಬಿದೆ. ಸಂಜೆ ಆ ಕೈಯಿಂದ ರೊಟ್ಟಿ ಬಡಿಯಲಿಕ್ಕೆ ಬರುತ್ತಿರಲಿಲ್ಲ.' ಪರೀಕ್ಷೆಗೆ ಸಾಹೇಬರ ಡ್ರೈವರನನ್ನು ಕುಂದರಿಸಿ ಓದಿದೆ. ಇಪ್ಪತ್ತು ವರ್ಷ ಅವರ ಮಾತು ಕೇಳಿದವ. ಎಲ್ಲಿ ಮುಸಿಮುಸಿ ನಕ್ಕನೋ ಅಲ್ಲಿ ನಾನು ಸಾಹೇಬರ ಅಂಗಿ ಹಾಕಿಕೊಂಡು ನಿಂತಿದ್ದೆ ಅಂತ ತಿಳಿದು ತಿದ್ದಿದೆ.

ದನಿ ಸರಿಯಾಗಿ ಹಿಡಿದರೆ ಇನ್ನೊಂದು ಲಾಭ ಇದೆ. ಸುಳ್ಳು ಕಷ್ಟವಾಗುತ್ತದೆ. 'ಬೆವರಿನ ಒಂದೊಂದು ಹನಿ' ಅನ್ನುವದು ಯಾವ ಚೇರಮನ್ನರ ಬಾಯಿಯ ಮಾತೂ ಅಲ್ಲ, ಆ ಶಬ್ದಗಳ ಹಿಂದೆ ಏನನ್ನಾದರೂ ಮುಚ್ಚಬಹುದು. ಅದೇ ಸಾಹೇಬರ ಸ್ವಂತ ಮಾತಿನಲ್ಲಿ 'ಎಲ್ಲಾರ ಬಿಲ್ಲು ಕೊಟ್ಟೇವಿ' ಅಂತ ಬರೆದಿದ್ದರೆ ಸಭೆಯಲ್ಲಿ ನೂರು ಮಂದಿ ಎದ್ದು ನಿಲ್ಲುತ್ತಿದ್ದರು.

ಸರಕಾರಿ ಸಾಲಿಯ ಮಾಸ್ತರರಿಗೆ ಒಂದು ಮಾತು. ರೊಕ್ಕ ತಗೊಳ್ಳುವ ಮೊದಲು ನಿಮ್ಮ ಸೇವಾ ನಿಯಮ ನೋಡಿರಿ, ಮೇಲಿನವರಿಗೆ ಬರಹದಲ್ಲಿ ತಿಳಿಸಿರಿ. ಪುಕ್ಕಟೆ ಮಾಡಿದರೆ ನಿಯಮ ಮುಟ್ಟುವದಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿರಿ. ಪುಕ್ಕಟೆ ಬರೆದದ್ದರ ಕೂಲಿಯನ್ನು ನಮ್ಮಣ್ಣ ಕೊಟ್ಟ.

ಈ ವರ್ಷ ಆಗಸ್ಟಿನಲ್ಲಿ ಅದೇ ಕಾರಖಾನಿಯ ಪಿ.ಎ. ಅವರ ಫೋನ್ ಬಂತು. "ಮಾಸ್ತರ್ರ, ನಾಕು ಪಾನಾ." ನಾನು ಹ್ಞೂಂ ಅಂದು, ಎರಡು ಪಾನಾದ ಕರಾರು ಕಳಿಸಿದೆ. ದರ, ಕಂತು, ಮೇಲಿನ ಮೂರು ಸಾಲು. ಮರುದಿನ ಫೋನ್ ಬಂತು, "ಇದೇನ್ರಿ ಮಾಸ್ತರ್ರ, ಮನಿ ಮಂದ್ಯಾಗ ಕಾಗದಪತ್ರ?" ಅಂದರು. ಮನೆ ಮಂದಿ ಅಂದದ್ದಕ್ಕೆ ಅಣ್ಣನ ಬಿಲ್ಲಿನ ಸುದ್ದಿ ಕೇಳಿದೆ. ಲೈನ್ ಕಟ್ ಆಯಿತು.

ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಅಣ್ಣನ ಬಾಜೂಕ ಕುಂತಿದ್ದೆ. ಸಾಹೇಬರು ಕನ್ನಡದಲ್ಲಿ ನಾಲ್ಕು ಪಾನಾ ಓದಿದರು. 'ದಾರುಣ' ಅನ್ನುವ ಶಬ್ದ ಎರಡು ಸಲ ಬಂತು, 'ನೌಕೆ' ಒಂದು ಸಲ. ಬರೆದವರು ಯಾರು ಅಂತ ನನಗೆ ಗೊತ್ತದ. ಅವರೂ ಈ ವಾಚನಾಲಯಕ್ಕೆ ಬರುತ್ತಾರೆ.